ಅಸೆಂಬ್ಲಿ ಬೋರ್ಡಿನ ಮೂಲೆಯಲ್ಲಿರುವ ಆ ಸಂಖ್ಯೆ: ನಮ್ಮ ಕಾರ್ಖಾನೆಯ ಆಡಳಿತ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಡಳಿತ ನಿರ್ದೇಶಕರಿಗೆ,

ನಮಸ್ಕಾರಗಳು ಸರ್.

ನಾನು ಪೀಣ್ಯದಲ್ಲಿರುವ ನಿಮ್ಮ ಮೆಷಿನ್ ಟೂಲ್ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ 17 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಹಿರಿಯ ಫಿಟ್ಟರ್ ಒಬ್ಬರನ್ನು ವಯಸ್ಸಿನ ತಮಾಷೆ ಮಾಡುತ್ತಾ ಮೂಲೆಗೆ ತಳ್ಳುತ್ತಿರುವ ವಿಷಯವನ್ನು ವಿಭಾಗದ ಮುಖ್ಯಸ್ಥರಿಗೆ ಬಾಯಿಮಾತಲ್ಲಿ ಹೇಳಿದೆ. ಎಚ್‌ಆರ್‌ಗೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನಾಗಲಿ, ಯಾರ ಹೆಸರನ್ನಾಗಲಿ ಇಲ್ಲಿ ಹಾಕಿಲ್ಲ. ನಿಮ್ಮ ಕೈಗೆ ತಲುಪಿಸಿರುವ ಪ್ರತಿಯಲ್ಲಿ ಎಲ್ಲರ ಹೆಸರೂ ಇದೆ, ನನ್ನದೂ ಇದೆ.

ನಮ್ಮ ಅಸೆಂಬ್ಲಿ ವಿಭಾಗದ ಬಾಗಿಲಲ್ಲೇ ಒಂದು ಬಿಳಿ ಬೋರ್ಡಿದೆ. ಆ ದಿನ ಎಷ್ಟು ಮೆಷಿನ್ ಮುಗಿಯಬೇಕು, ಯಾವ ಸಾಮಾನು ಬಂದಿಲ್ಲ, ಯಾರು ರಜೆ ಅಂತ ಅದರ ಮೇಲೆ ಬರೆಯುತ್ತಾರೆ. ಕಳೆದ ಕೆಲವು ತಿಂಗಳಿಂದ ಅದರ ಬಲಗಡೆಯ ಮೇಲಿನ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ ಒಂದು ಸಂಖ್ಯೆ ಇರುತ್ತದೆ. ದಿನಾ ಬೆಳಿಗ್ಗೆ ಅದು ಒಂದು ಕಡಿಮೆಯಾಗುತ್ತದೆ. ನಾನು ಈ ಪತ್ರ ಬರೆದ ದಿನ ಅದು 424 ಇತ್ತು. ನಮ್ಮ ಸ್ಕ್ರೇಪಿಂಗ್ ಫಿಟ್ಟರ್ ನಿವೃತ್ತಿಯಾಗಲು ಉಳಿದ ದಿನಗಳು ಅವು.

ಕೆಳಗೆ ಹೆಸರಿಲ್ಲ, ಗುರುತಿಲ್ಲ. ಹೊರಗಿನವರಿಗೆ ಗೊತ್ತಾಗುವುದಿಲ್ಲ. ಒಂದು ದಿನ ಮೆಷಿನ್ ನೋಡಲು ಬಂದ ಗ್ರಾಹಕರೊಬ್ಬರು "ಇದೇನು, ಅಪಘಾತ ಆಗದ ದಿನಗಳ ಲೆಕ್ಕವಾ?" ಅಂತ ಕೇಳಿದರು. ನಮ್ಮ ಮ್ಯಾನೇಜರ್ ನಕ್ಕು ಬೇರೆ ಮಾತಿಗೆ ಹೋದರು. ಅವರು ಯಾರ ಬಗ್ಗೆ ನಕ್ಕರೋ ಆ ಮನುಷ್ಯ ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

ಅವರನ್ನು ನಾವೆಲ್ಲ "ಯಜಮಾನ್ರು" ಅಂತ ಕರೆಯುತ್ತೇವೆ. ಮೊದಲು ರಾಜಾಜಿನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, 26ನೇ ವಯಸ್ಸಿಗೆ ಇಲ್ಲಿಗೆ ಬಂದವರು. ಈಗ ಅವರಿಗೆ 58 ವರ್ಷ 10 ತಿಂಗಳು. ಇಲ್ಲಿನ ಸೇವೆ 32 ವರ್ಷ 9 ತಿಂಗಳು. ಅವರ ಕೆಲಸ ಏನು ಅಂತ ನಿಮಗೆ ಗೊತ್ತಿದೆ ಸರ್. ಆದರೆ ಈ ಪತ್ರ ಓದುವ ಬೇರೆಯವರಿಗೆ ಅದನ್ನು ಹೇಳದೆ ನನ್ನ ದೂರು ಅರ್ಥವಾಗುವುದಿಲ್ಲ.

ಲೋಹ ಕತ್ತರಿಸುವ ಮೆಷಿನ್ನಿನಲ್ಲಿ ಎರಕದ ದೊಡ್ಡ ಭಾಗಗಳು ಒಂದರ ಮೇಲೊಂದು ಕೂರುತ್ತವೆ. ಕೆಳಗೆ ಬೆಡ್. ಅದರ ಮೇಲೆ ಕಂಬದ ಹಾಗೆ ನಿಲ್ಲುವುದು ಕಾಲಂ. ಇವು ಸೇರುವ ಮುಖಗಳನ್ನು ಗ್ರೈಂಡಿಂಗ್ ಮಾಡಿದ ಮೇಲೂ ಕೆಲವು ಮೈಕ್ರಾನ್ ಏರುತಗ್ಗು ಉಳಿಯುತ್ತದೆ. ಒಂದು ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಸ್ಕ್ರೇಪಿಂಗ್ ಅಂದರೆ ಆ ಏರನ್ನು ಕೈಯಿಂದ ಕೆರೆದು ತೆಗೆಯುವುದು. ಸಮತಟ್ಟಾದ ಮಾಸ್ಟರ್ ಪ್ಲೇಟಿಗೆ ತೆಳ್ಳಗೆ ನೀಲಿ ಬಣ್ಣ ಹಚ್ಚಿ ಮುಖದ ಮೇಲೆ ಉಜ್ಜಿದರೆ, ಎತ್ತರ ಇದ್ದ ಕಡೆ ಮಾತ್ರ ನೀಲಿ ಅಂಟುತ್ತದೆ. ಆ ಚುಕ್ಕೆಗಳನ್ನು ಸ್ಕ್ರೇಪರಿನಿಂದ ಕೆರೆಯಬೇಕು. ಒಂದು ಸುತ್ತಿಗೆ ಮೂರರಿಂದ ಐದು ಮೈಕ್ರಾನ್ ಹೋಗುತ್ತದೆ. ಮತ್ತೆ ಬ್ಲೂ ಹಚ್ಚಬೇಕು, ಮತ್ತೆ ನೋಡಬೇಕು, ಮತ್ತೆ ಕೆರೆಯಬೇಕು. ಬ್ಲೂ ಸ್ವಲ್ಪ ದಪ್ಪ ಆದರೂ ಸುಳ್ಳು ಚುಕ್ಕೆ ಕಾಣಿಸುತ್ತದೆ. ಎಷ್ಟು ತೆಳ್ಳಗೆ ಹಚ್ಚಬೇಕು ಅಂತ ಯಾವ ಪುಸ್ತಕ ಓದಿದರೂ ಕೈಗೆ ಬರುವುದಿಲ್ಲ. ಒಬ್ಬರ ಪಕ್ಕ ನಿಂತೇ ಕಲಿಯಬೇಕು.

ಇನ್ನು ನಡೆದದ್ದನ್ನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಅಸೆಂಬ್ಲಿಗೆ ಹೊಸ ಮ್ಯಾನೇಜರ್‌ಗಳು ಬಂದರು. ಮೂವರೂ 35ರ ಒಳಗಿನವರು. ಮೊದಲ ದಿನಗಳಲ್ಲಿ ಯಾರೂ ಯಜಮಾನರಿಗೆ ಕೆಟ್ಟದಾಗಿ ಏನೂ ಅನ್ನಲಿಲ್ಲ. "ಅಂಕಲ್" ಅಂದರು, ಅಷ್ಟೇ. ಆಮೇಲೆ ಒಂದು ಬೆಳಗಿನ ಮೀಟಿಂಗಿನಲ್ಲಿ ಅವರು ಏನೋ ಹೇಳಲು ಬಾಯಿ ತೆರೆದಾಗ, "ಬೇಗ ಹೇಳಿ ಅಂಕಲ್, ನಿಮ್ಮ ಎಕ್ಸ್‌ಪೈರಿ ಡೇಟ್ ಹತ್ತಿರ ಬಂತು" ಅಂತ ಒಬ್ಬರು ಅಂದರು. ಎಲ್ಲರೂ ನಕ್ಕರು. ನಾನೂ ಆವತ್ತು ಸುಮ್ನೆ ಇದ್ದೆ. ಮುಂದಿನ ವಾರ ಅವರನ್ನು ಬೆಳಗಿನ ಮೀಟಿಂಗಿನಿಂದ ಬಿಟ್ಟರು. ವಿಭಾಗದ ವಾಟ್ಸಾಪ್ ಗುಂಪಿನಿಂದಲೂ ತೆಗೆದರು. ಯಾವ ಮೆಷಿನ್ ಮೊದಲು ಅಂತ ಅವರಿಗೆ ಗೊತ್ತಾಗುವುದು ಈಗ ಬೇರೆಯವರ ಬಾಯಿಂದ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ಚುಕ್ಕೆ ಎಣಿಸುವಾಗ "ಬ್ಲೂ ಕಾಣಿಸ್ತಿದೆಯಾ ಅಂಕಲ್, ಇಲ್ಲಾ ನಾವೇ ಹೇಳ್ಬೇಕಾ?" ಅನ್ನುವುದು ದಿನದ ಮಾತಾಯಿತು. ಕೆಲವು ವಾರ ಕಳೆದ ಮೇಲೆ, ಅವರ ಹತ್ತಿರ ಕಲಿಯುತ್ತಿದ್ದ ಇಬ್ಬರು ಐಟಿಐ ಹುಡುಗರನ್ನು ಪ್ಯಾಕಿಂಗಿಗೆ ಹಾಕಿದರು. ಕೊಟ್ಟ ಕಾರಣ, ಯಜಮಾನರ ಕಣ್ಣು ಮೊದಲಿನ ಹಾಗಿಲ್ಲ ಅಂತ.

ಆ ಕಾರಣ ಸುಳ್ಳು ಅಂತ ನಾನು ಅಳತೆ ಮಾಡಿ ಹೇಳಬಲ್ಲೆ. ಒಂದಿಂಚು ಚೌಕದ ಕಿಂಡಿ ಇರುವ ಚೌಕಟ್ಟನ್ನು ಮುಖದ ಮೇಲೆ ಇಟ್ಟು, ಒಳಗೆ ಎಷ್ಟು ಚುಕ್ಕೆ ಕಾಣುತ್ತವೆ ಅಂತ ಎಣಿಸುತ್ತೇವೆ. ಸಾಮಾನ್ಯ ಕೆಲಸಕ್ಕೆ ಹತ್ತು, ಹನ್ನೆರಡು ಸಾಕು. ನಿಖರವಾದ ಮುಖಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಬೇಕು. ಹುಡುಗರನ್ನು ತೆಗೆದ ದಿನವೇ ನಾನು ಐದು ಜಾಗ ಗುರುತು ಮಾಡಿ, ಅವರು ಎಣಿಸಿದ ಮೇಲೆ ಭೂತಗನ್ನಡಿ ಹಿಡಿದು ನಾನೂ ಎಣಿಸಿದೆ. ಮೂರು ಕಡೆ ನಮ್ಮಿಬ್ಬರ ಲೆಕ್ಕ ಒಂದೇ. ಎರಡು ಕಡೆ ಒಂದು ಚುಕ್ಕೆ ಹೆಚ್ಚುಕಡಿಮೆ. ನನಗೆ 41 ವರ್ಷ. ಆ ಲೆಕ್ಕ ಬರೆದ ಕಾಗದವನ್ನು ಎಚ್‌ಆರ್‌ಗೆ ಕೊಟ್ಟ ಪತ್ರದ ಜೊತೆ ಲಗತ್ತಿಸಿದ್ದೆ.

ಮೂರನೆಯ ತಮಾಷೆ "ಮ್ಯೂಸಿಯಂ". ಅವರ ಬೆಂಚಿನ ಹತ್ತಿರ ಹೊಸಬರನ್ನು ಕರೆತಂದು "ಇದು ನಮ್ಮ ಮ್ಯೂಸಿಯಂ" ಅಂತ ತೋರಿಸುತ್ತಿದ್ದರು. ಆರು ತಿಂಗಳ ಹಿಂದೆ ಆ ಬೆಂಚನ್ನೇ ತೆಗೆದರು. ಅಲ್ಲಿ ಈಗ ಪ್ರಿಂಟರ್ ಇದೆ. ಯಜಮಾನರನ್ನು ಸ್ಟೋರಿಗೆ ಕಳಿಸಿದರು. ಬೋಲ್ಟು, ವಾಷರು ಎಣಿಸಿ ಪೊಟ್ಟಣಕ್ಕೆ ಲೇಬಲ್ ಅಂಟಿಸುವುದು ಅವರ ಈಗಿನ ಕೆಲಸ. ಲಿಖಿತ ಆದೇಶ ಇಲ್ಲ. "ಸ್ವಲ್ಪ ದಿನ ಆರಾಮಾಗಿರಿ" ಅಂತ ಬಾಯಲ್ಲಿ ಹೇಳಿದ್ದು ಮಾತ್ರ.

ಈ ಮೂರನ್ನೂ ದಿನಾಂಕ ಹಾಕಿ ಬರೆದುಕೊಂಡಾಗ ನನಗೆ ಒಂದು ವಿಷಯ ಕಂಡಿತು. ಪ್ರತಿ ಸಲವೂ ಮೊದಲು ತಮಾಷೆ ಬಂತು, ಅದರ ಹಿಂದೆಯೇ ಅವರ ಕೈಯಿಂದ ಏನೋ ಒಂದು ಹೋಯಿತು. ಮಾತಾಡುವ ಜಾಗ ಹೋಯಿತು. ಕಲಿಸುವ ಹುಡುಗರು ಹೋದರು. ಕೊನೆಗೆ ಬೆಂಚೂ ಹೋಯಿತು. ಹೀಗೆ ಒಬ್ಬ ನುರಿತ ಕೆಲಸಗಾರನನ್ನು ನೇರವಾಗಿ ತೆಗೆದಿದ್ದರೆ ಯಾರಾದರೂ "ಯಾಕೆ?" ಅಂತ ಕೇಳುತ್ತಿದ್ದರು. ನಾಲ್ಕು ತಿಂಗಳು ನಕ್ಕು ನಕ್ಕು ಎಲ್ಲರಿಗೂ ಅಭ್ಯಾಸ ಆಗಿದ್ದರಿಂದ ಯಾರೂ ಕೇಳಲಿಲ್ಲ. "ತಮಾಷೆಗೆ ಅಂದದ್ದು, ಮನಸ್ಸಿಗೆ ಹಚ್ಕೋಬೇಡಿ" ಅಂತ ಮ್ಯಾನೇಜರ್‌ಗಳು ನನಗೆ ಹೇಳಿದರು. ಅದು ಬರೀ ತಮಾಷೆ ಆಗಿದ್ದರೆ ಬೆಂಚು ಅಲ್ಲೇ ಇರಬೇಕಿತ್ತು, ಅಲ್ವಾ ಸರ್?

ಇದರಿಂದ ಕೆಲಸಕ್ಕೆ ಏನಾಯಿತು ಅನ್ನುವುದಕ್ಕೆ ಒಂದೇ ಒಂದು ಮೆಷಿನ್ನಿನ ಕಥೆ ಹೇಳುತ್ತೇನೆ. ಇದರಲ್ಲಿ ನನ್ನ ಸಹಿಯೂ ಇದೆ.

ಅವರನ್ನು ಸ್ಟೋರಿಗೆ ಕಳಿಸಿದ ತಿಂಗಳಲ್ಲೇ ಹೊಸೂರಿನ ಒಬ್ಬ ಗ್ರಾಹಕರ ಮೆಷಿನ್ ತಯಾರಾಗುತ್ತಿತ್ತು. ಕಾಲಂ ನೆಟ್ಟಗೆ ನಿಂತಿದೆಯಾ ಅಂತ ಗ್ರಾನೈಟ್ ಮೂಲೆಮಟ್ಟ ಇಟ್ಟು, ಮೈಕ್ರಾನ್ ತೋರಿಸುವ ಮುಳ್ಳಿನ ಡಯಲ್ ಓಡಿಸಿ ನೋಡಿದೆವು. 300 ಮಿಲಿಮೀಟರ್ ಎತ್ತರಕ್ಕೆ 18 ಮೈಕ್ರಾನ್ ಮುಂದಕ್ಕೆ ವಾಲಿತ್ತು. ನಮ್ಮ ಮಿತಿ 10. ಯಜಮಾನರು ಸ್ಟೋರಿನಿಂದ ಬಂದು ನೋಡಿ, ಕಾಲಂ ಎತ್ತಿಸಿ ಬೆಡ್ಡನ್ನು ಹಿಂದುಗಡೆ ಕೆರೆಯಬೇಕು, ಎರಡು ಶಿಫ್ಟ್ ಬೇಕು ಅಂದರು. ಮ್ಯಾನೇಜರ್ ಒಪ್ಪಲಿಲ್ಲ. ಮೆಷಿನ್ ಮಾರನೇ ದಿನ ಹೊರಡಬೇಕಿತ್ತು. ಮುಂದಿನ ಬೋಲ್ಟುಗಳ ಹತ್ತಿರ ಶಿಮ್ ಅನ್ನುವ ತೆಳ್ಳನೆ ಲೋಹದ ಹಾಳೆ ತೂರಿಸಿ ಬಿಗಿದರು. ಒಂದು ಗಂಟೆಯಲ್ಲಿ ಡಯಲ್ 9 ತೋರಿಸಿತು. "ನೋಡಿ ಅಂಕಲ್, ನಿಮ್ಮ ಎರಡು ಶಿಫ್ಟ್ ನಮ್ಮ ಒಂದು ಗಂಟೆ" ಅಂದರು. ಮಿತಿಯ ಒಳಗೆ ಬಂದಿದೆ ಅಂತ ನಾನು ಸಹಿ ಹಾಕಿದೆ.

ಶಿಮ್ ಹಾಕಿದರೆ ಆಗುವುದೇನು? ಮುಖಕ್ಕೆ ಮುಖ ಪೂರ್ತಿ ಕೂರುವುದಿಲ್ಲ. ಶಿಮ್ ಇರುವ ಕಡೆ ಮತ್ತು ಹಿಂದಿನ ಅಂಚಿನಲ್ಲಿ ಮಾತ್ರ ಭಾರ ನಿಲ್ಲುತ್ತದೆ. ನಡುವೆ ಕೂದಲಿಗಿಂತ ತೆಳ್ಳನೆ ಖಾಲಿ. ಕತ್ತರಿಸುವಾಗಿನ ಅದುರಿಗೆ ಶಿಮ್ ನಿಧಾನವಾಗಿ ಅಮುಕಿಕೊಳ್ಳುತ್ತದೆ. ಖಾಲಿಯ ಒಳಗೆ, ಕತ್ತರಿಸುವಾಗ ತಂಪಿಗೆ ಸುರಿಯುವ ಕೂಲಂಟ್ ಇಳಿಯುತ್ತದೆ. ಇದನ್ನು ಮೊದಲೇ ಕಂಡುಹಿಡಿಯುವ ದಾರಿಯೂ ಇದೆ. ಕಾಲಂಗೆ ಡಯಲ್ ಮುಟ್ಟಿಸಿ, ಒಂದೊಂದೇ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿಯಬೇಕು. ಮುಖ ಸರಿಯಾಗಿ ಕೂತಿದ್ದರೆ ಮುಳ್ಳು ಒಂದೆರಡು ಮೈಕ್ರಾನ್ ಮೇಲೆ ಅಲ್ಲಾಡುವುದಿಲ್ಲ. ಎಂಟು, ಹತ್ತು ಓಡಿದರೆ ಅಡಿಯಲ್ಲಿ ಸಂದು ಇದೆ ಅಂತ ಅರ್ಥ. ಈ ಪರೀಕ್ಷೆಯನ್ನು ನನಗೆ ಕಲಿಸಿದವರೇ ಯಜಮಾನರು. ಆವತ್ತು ಅವಸರದಲ್ಲಿ ನಾನು ಅದನ್ನು ಮಾಡಲಿಲ್ಲ. ತಪ್ಪು ನನ್ನದೂ ಹೌದು.

ಮೂರು ತಿಂಗಳಿಗೆ ಹೊಸೂರಿನಿಂದ ದೂರು ಬಂತು. ತೂತುಗಳು ಮುಖಕ್ಕೆ ನೇರವಾಗಿ ಬರುತ್ತಿಲ್ಲ ಅಂತ. ಹೋಗಿ ಅಳೆದಾಗ ವಾಲಿಕೆ 18ಕ್ಕೇ ವಾಪಸ್ ಬಂದಿತ್ತು. ಆಗ ಯಾರನ್ನು ಕಳಿಸಿದರು? ಸ್ಟೋರಿನಲ್ಲಿ ಲೇಬಲ್ ಅಂಟಿಸುತ್ತಿದ್ದ ಯಜಮಾನರನ್ನು. ನಾನೂ ಜೊತೆಗೆ ಹೋಗಿದ್ದೆ.

ಅಲ್ಲಿ ಅವರು ಮಾಡಿದ ಲೆಕ್ಕ ಹೀಗಿತ್ತು. ಕಾಲಂ ಕೂರುವ ಜಾಗದ ಉದ್ದ 600 ಮಿಲಿಮೀಟರ್. 300ಕ್ಕೆ 14 ಮೈಕ್ರಾನ್ ಹಿಂದಕ್ಕೆ ಎಳೆದರೆ 18ರಲ್ಲಿ 4 ಉಳಿಯುತ್ತದೆ. 300ಕ್ಕೆ 14 ಅಂದರೆ 600ಕ್ಕೆ 28. ಅಂದರೆ ಬೆಡ್ಡಿನ ಹಿಂದಿನ ತುದಿಯಲ್ಲಿ 28 ಮೈಕ್ರಾನ್ ಕೆಳಗಿಳಿಸಬೇಕು, ಮುಂದಿನ ತುದಿಯಲ್ಲಿ ಸೊನ್ನೆ. ಅವರ ಕೈಯ ಒಂದು ಸುತ್ತು 4 ಮೈಕ್ರಾನ್ ತೆಗೆಯುತ್ತದೆ. ಹಾಗಾಗಿ ಬೆಡ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಂಟು ಪಟ್ಟಿ ಎಳೆದರು. ಮುಂದಿನ ಪಟ್ಟಿ ಮುಟ್ಟಲಿಲ್ಲ. ಅದರ ಹಿಂದಿನದಕ್ಕೆ ಒಂದು ಸುತ್ತು, ಅದರ ಹಿಂದಿನದಕ್ಕೆ ಎರಡು, ಹೀಗೆ ಕೊನೆಯದಕ್ಕೆ ಏಳು. ಏಳು ನಾಲ್ಕಲಿ ಇಪ್ಪತ್ತೆಂಟು. ಆಮೇಲೆ ಮೆಟ್ಟಿಲು ಹೋಗುವ ಹಾಗೆ ಇಡೀ ಮುಖಕ್ಕೆ ಬ್ಲೂ ಹಚ್ಚಿ ಚುಕ್ಕೆ ಸಮ ಮಾಡಿದರು. ಬೆಳಿಗ್ಗೆ ಕೋಣೆ ತಣ್ಣಗಿದ್ದಾಗ ಒಂದು ಸಲ, ಮಧ್ಯಾಹ್ನ ಒಂದು ಸಲ ಅಳೆಸಿದರು. ಕ್ರೇನಿನಲ್ಲಿ ಕಾಲಂ ಇಳಿಸಿ, ಬೋಲ್ಟ್ ಬಿಗಿದು, ಡಯಲ್ ಇಟ್ಟು ನಾನು ಓದಿದೆ. 5 ಮೈಕ್ರಾನ್. ಬೋಲ್ಟ್ ಸಡಿಲಿಸಿ ನೋಡಿದೆ. ಮುಳ್ಳು ಒಂದರ ಮೇಲೆ ಹೋಗಲಿಲ್ಲ.

ಎರಡು ದಿನದ ಕೆಲಸ ಅದು. ವರದಿಯಲ್ಲಿ ಅವರ ಹೆಸರು ಬರಲಿಲ್ಲ. "ಸರ್ವೀಸ್ ತಂಡ ಸರಿಪಡಿಸಿದೆ" ಅಂತ ಬಂತು. ಮಾರನೇ ದಿನ ಅವರು ಮತ್ತೆ ಸ್ಟೋರಿಗೆ ಹೋದರು. ಬೋರ್ಡಿನ ಮೇಲೆ ಸಂಖ್ಯೆ ಎರಡು ಕಡಿಮೆಯಾಗಿತ್ತು.

ಸರ್, ಎಲ್ಲ ಮೆಷಿನ್ನಿಗೂ ಸ್ಕ್ರೇಪಿಂಗ್ ಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮ ಸಣ್ಣ ಮಾದರಿಗಳಿಗೆ ಎಲ್‌ಎಂ ಗೈಡ್ ಅನ್ನುವ ಸಿದ್ಧ ಹಳಿಗಳನ್ನು ಹಾಕುತ್ತೇವೆ, ಗ್ರೈಂಡಿಂಗ್ ಚೆನ್ನಾಗಿದ್ದರೆ ಅಷ್ಟು ಸಾಕು. ಹೊಸ ಮ್ಯಾನೇಜರ್‌ಗಳಿಗೂ ಬಹಳ ಗೊತ್ತಿದೆ. ಲೇಸರ್ ಇಂಟರ್‌ಫೆರೋಮೀಟರ್ ಹಿಡಿದು ಅವರು ಒಂದು ಗಂಟೆಯಲ್ಲಿ ತೆಗೆಯುವ ಅಳತೆಯನ್ನು ನಾವು ಮೊದಲು ಒಂದು ದಿನ ತೆಗೆಯುತ್ತಿದ್ದೆವು. ನಾನೂ ಅವರಿಂದ ಕಲಿತಿದ್ದೇನೆ. ಆದರೆ ಲೇಸರ್ ತಪ್ಪು ಎಷ್ಟಿದೆ ಅಂತ ಹೇಳುತ್ತದೆ. ಕಾಲಂ ಅಡಿಯ ಆ ತಪ್ಪನ್ನು ತೆಗೆಯಲು ಕೈಯೇ ಬೇಕು. ನಮ್ಮಲ್ಲಿ ಆ ಕೈ ಇರುವುದು ಈಗ ಒಬ್ಬರಿಗೇ. ಆ ಇಬ್ಬರು ಹುಡುಗರು ಒಂಬತ್ತು ತಿಂಗಳು ಕಲಿತಿದ್ದರು, ಬ್ಲೂ ಹಚ್ಚುವುದು ಬಂದಿತ್ತು, ಪಟ್ಟಿ ಹಾಕಿ ಕೆರೆಯುವುದು ಇನ್ನೂ ಶುರುವಾಗಿರಲಿಲ್ಲ.

ಇನ್ನೊಂದು ವಿಷಯವನ್ನು ಯಜಮಾನರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಎಚ್‌ಆರ್‌ನವರು ಅವರನ್ನು ಎರಡು ಸಲ ಕರೆದು "ಈಗಲೇ ರಾಜೀನಾಮೆ ಕೊಟ್ಟುಬಿಡಿ, ಗೌರವವಾಗಿ ಕಳಿಸಿಕೊಡುತ್ತೇವೆ" ಅಂದಿದ್ದಾರೆ. "58 ಆಯ್ತಲ್ಲ, ಪಿಎಫ್ ಪಿಂಚಣಿ ಬರುತ್ತೆ, ಜೊತೆಗೆ ಸಂಬಳ ಯಾಕೆ?" ಅಂತಲೂ ಕೇಳಿದ್ದಾರೆ. ಖಾಸಗಿ ಕಾರ್ಖಾನೆಗಳ ಮಾದರಿ ಸ್ಥಾಯಿ ಆದೇಶದಲ್ಲಿ ನಿವೃತ್ತಿಯ ವಯಸ್ಸನ್ನು ನಮ್ಮ ರಾಜ್ಯ ಸರ್ಕಾರ 58ರಿಂದ 60ಕ್ಕೆ ಏರಿಸಿದ್ದು 2017ರಲ್ಲಿ. ನಮ್ಮ ಕಾರ್ಖಾನೆಯಲ್ಲೂ ಅದೇ 60. 60ರ ತನಕ ಕೆಲಸ ಮಾಡುವುದು ಅವರ ಹಕ್ಕು.

ಈಗ ಬಿಟ್ಟರೆ ಅವರಿಗೆ ಆಗುವ ನಷ್ಟವನ್ನು ಎಚ್‌ಆರ್‌ನವರು ಹೇಳಲಿಲ್ಲ, ನಾವು ಕೂತು ಲೆಕ್ಕ ಹಾಕಿದೆವು. ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 36,400 ರೂಪಾಯಿ. ಗ್ರಾಚ್ಯುಟಿಗೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ವರ್ಷಕ್ಕೆ 21,000 ಬರುತ್ತದೆ. ಇವತ್ತು ಬಿಟ್ಟರೆ 33 ವರ್ಷದ ಲೆಕ್ಕ, 60ಕ್ಕೆ ಬಿಟ್ಟರೆ 34. ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಗ್ರಾಚ್ಯುಟಿಯನ್ನು ಕೊನೆಯ ಸಂಬಳದ ಮೇಲೆ ಎಲ್ಲ ವರ್ಷಕ್ಕೂ ಕಟ್ಟುತ್ತಾರೆ. ನಮ್ಮ ಹೊಸ ವೇತನ ಒಪ್ಪಂದ ಮುಂದಿನ ವರ್ಷ ಆಗಬೇಕಿದೆ. ಅದರಲ್ಲಿ ತಿಂಗಳಿಗೆ 2,600 ರೂಪಾಯಿ ಏರಿದರೂ, ಪ್ರತಿ ವರ್ಷದ ಸೇವೆಗೆ 1,500 ಜಾಸ್ತಿ. 34 ವರ್ಷಕ್ಕೆ 51,000. ಜೊತೆಗೆ 14 ತಿಂಗಳ ಸಂಬಳ. ಪಿಂಚಣಿಯ ಮಾತು ಬಂದರೆ, ಅದರ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯೇ 15,000 ರೂಪಾಯಿ. ಅವರಿಗೆ ಅದರಿಂದ ಮನೆ ನಡೆಯುವುದಿಲ್ಲ. ಮಗಳ ಓದು ಇನ್ನೂ ಒಂದು ವರ್ಷ ಇದೆ.

"ಯಜಮಾನ್ರೇ, ನೀವೇ ಯಾಕೆ ದೂರು ಕೊಡಲ್ಲ?" ಅಂತ ಒಂದು ದಿನ ಕೇಳಿದೆ. "ಏನಂತ ಬರೀಲಮ್ಮ? ವಯಸ್ಸಾಯ್ತು ಅಂದ್ರು ಅಂತ ಬರೀಲಾ? ವಯಸ್ಸು ಆಗಿರೋದು ನಿಜ ತಾನೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹುಡುಗರನ್ನ ತೆಗೀಬಾರ್ದಿತ್ತು" ಅಂದರು. ಬೇರೆ ಯಾವುದರ ಬಗ್ಗೆಯೂ ಅವರು ನನ್ನ ಹತ್ತಿರ ಬೇಜಾರು ಹೇಳಿಕೊಂಡಿಲ್ಲ. ಊಟಕ್ಕೆ ಮಾತ್ರ ಈಗ ಕ್ಯಾಂಟೀನಿಗೆ ಬರುವುದಿಲ್ಲ. ಸ್ಟೋರಿನ ಹಿಂದೆ ಒಬ್ಬರೇ ಡಬ್ಬಿ ಬಿಚ್ಚುತ್ತಾರೆ.

ನಿಮ್ಮಲ್ಲಿ ನಾನು ಕೇಳುವುದು ಇಷ್ಟು. ಅವರಿಗೆ ಅವರ ಬೆಂಚು ವಾಪಸ್ ಕೊಡಿಸಿ. ಸ್ಟೋರಿಗೆ ಹಾಕಿದ್ದು ಸರಿ ಅಂತ ಯಾರಾದರೂ ವಾದಿಸಿದರೆ, ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ. ಕಣ್ಣಿನ ಬಗ್ಗೆ ಅನುಮಾನ ಇದ್ದರೆ ನಿಮ್ಮ ಖರ್ಚಿನಲ್ಲೇ ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿ, ಅವರು ಸಿದ್ಧರಿದ್ದಾರೆ. ಆ ಇಬ್ಬರು ಹುಡುಗರನ್ನು ಪ್ಯಾಕಿಂಗಿನಿಂದ ಬಿಡಿಸಿ ಈ 14 ತಿಂಗಳೂ ಅವರ ಪಕ್ಕ ನಿಲ್ಲಿಸಿ. ಕಾಲಂ ಅಡಿ ಕೆರೆಯುವುದು ಕೈಗೆ ಹತ್ತಲು ಅಷ್ಟು ಸಮಯ ಬೇಕೇ ಬೇಕು, ಒಂದು ತಿಂಗಳು ತಡವಾದರೂ ಅದು ಅವರ ಕಲಿಕೆಯಿಂದಲೇ ಕಡಿತವಾಗುತ್ತದೆ. ರಾಜೀನಾಮೆಯ ಮಾತನ್ನು ಎಚ್‌ಆರ್ ಇನ್ನು ಎತ್ತಬಾರದು ಅಂತ ಹೇಳಿ.

ಮ್ಯಾನೇಜರ್‌ಗಳಿಗೆ ಶಿಕ್ಷೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಅವರು ನಿಮ್ಮ ಮುಂದೆ ಕೂತು ಈ ಮೂರು ಆದೇಶಗಳನ್ನು ಯಾಕೆ ಮಾಡಿದೆವು ಅಂತ ಹೇಳಲಿ, ಯಜಮಾನರೂ ಅಲ್ಲಿರಲಿ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು ಅಂತ ಕಾನೂನೇ ಹೇಳುತ್ತದೆ. ನಮ್ಮಲ್ಲಿ ಅದು ನೋಟಿಸ್ ಬೋರ್ಡಿನ ಮೇಲಿದೆ. ಅದರಲ್ಲಿ ಆಡಳಿತದ ಕಡೆಯಿಂದ ಇರುವವರಲ್ಲಿ ಒಬ್ಬರು, ನಾನು ದೂರು ಹೇಳುತ್ತಿರುವ ಮ್ಯಾನೇಜರ್. ಈ ವಿಷಯ ಬರುವಾಗ ಅವರ ಬದಲು ಬೇರೆಯವರನ್ನು ಕೂರಿಸಿ.

ಹೊಸೂರಿನ ಆ ಮೆಷಿನ್ನಿನ ವರದಿಯನ್ನೂ ತಿದ್ದಿಸಿ ಸರ್. ಕೆಲಸ ಮಾಡಿದವರ ಜಾಗದಲ್ಲಿ ಅವರ ಹೆಸರು ಬರಲಿ. ಮೊದಲ ಸಲ ಶಿಮ್ ಹಾಕಿದ ಮೆಷಿನ್ನಿಗೆ ಸಹಿ ಹಾಕಿದವರ ಜಾಗದಲ್ಲಿ ನನ್ನ ಹೆಸರು ಇದ್ದೇ ಇದೆ, ಅದು ಹಾಗೇ ಇರಲಿ.

ಇದೆಲ್ಲ ಆಗಲು ಕೆಲವು ದಿನ ಬೇಕಾಗಬಹುದು. ಒಂದು ಕೆಲಸಕ್ಕೆ ಮಾತ್ರ ದಿನ ಬೇಡ. ಮೊದಲ ಶಿಫ್ಟ್ ಒಳಗೆ ಬರುವುದು ಬೆಳಿಗ್ಗೆ ಆರಕ್ಕೆ. ಯಜಮಾನರು ಐದೂ ಮುಕ್ಕಾಲಿಗೇ ಬರುತ್ತಾರೆ, ಬಾಗಿಲು ದಾಟುವಾಗ ಆ ಬೋರ್ಡಿನ ಮುಂದೆಯೇ ಬರಬೇಕು. ಅಷ್ಟರೊಳಗೆ ಆ ಮೂಲೆಯನ್ನು ಒರೆಸಿಸಿ.

ಗೌರವಗಳೊಂದಿಗೆ,

ನಿಮ್ಮ ಕಾರ್ಖಾನೆಯ ಗುಣಮಟ್ಟ ವಿಭಾಗದ ಉದ್ಯೋಗಿ
ಪೀಣ್ಯ, ಬೆಂಗಳೂರು